ನಗ್ನಾಧ್ಯಯನ ತರಗತಿ ಮತ್ತು ಕಲಾವಿದೆಯರು

ಬಟ್ಟೆ ಕಳಚಿ ನಿಂತ ರೂಪದರ್ಶಿಯನ್ನು ಎದುರಿಗಿಟ್ಟುಕೊಂಡು ಮನುಷ್ಯದೇಹವನ್ನು ಬರೆಯಲು ಕಲಿಯುವ ಪಾಠವೇ ನಗ್ನಾಧ್ಯಯನ. ಲೈಫ್ ಡ್ರಾಯಿಂಗ್ ಎಂಬ ಹೆಸರಿನಲ್ಲಿ ಇದು ನಮ್ಮ ಕಲಾಶಾಲೆಗಳಿಗೂ ಪರಿಚಿತ. ಯೂರೋಪಿನಲ್ಲಿ 17ನೆಯ ಶತಮಾನದಿಂದ 19ನೆಯ ಶತಮಾನದ ಕೊನೆಯವರೆಗೂ ಕಲಾಶಿಕ್ಷಣದ ತಿರುಳು ಈ ತರಗತಿಯೇ ಆಗಿತ್ತು. ಆ ಕಾಲದುದ್ದಕ್ಕೂ ಸರ್ಕಾರಿ ಮತ್ತು ರಾಜಾಶ್ರಯದ ಅಕಾಡೆಮಿಗಳು ಹೆಂಗಸರನ್ನು ಅದರೊಳಗೆ ಬಿಟ್ಟುಕೊಳ್ಳಲಿಲ್ಲ. ಹಾಗಿದ್ದೂ ಚಿತ್ರ ಬರೆದು ಬದುಕಿದ ಹೆಂಗಸರು ಪ್ರತಿಯೊಂದು ತಲೆಮಾರಿನಲ್ಲೂ ಇದ್ದರು. ಅವರನ್ನು ತಡೆದ ಬಗೆಯನ್ನೂ ಅವರು ಹುಡುಕಿಕೊಂಡ ಬೇರೆ ದಾರಿಗಳನ್ನೂ ಮುಖ್ಯವಾಗಿ ಲಂಡನ್ ಮತ್ತು ಪ್ಯಾರಿಸ್ ನಗರಗಳ ಉದಾಹರಣೆಯಿಂದ ಈ ಲೇಖನ ವಿವರಿಸುತ್ತದೆ.

ತರಗತಿಯ ಸ್ಥಾನ

ಅಕಾಡೆಮಿಯಲ್ಲಿ ಕಲಿಕೆಗೆ ಕಟ್ಟುನಿಟ್ಟಾದ ಕ್ರಮವಿತ್ತು. ವಿದ್ಯಾರ್ಥಿ ಮೊದಲು ಹಿರಿಯರ ರೇಖಾಚಿತ್ರಗಳನ್ನೂ ಮುದ್ರಿತ ಚಿತ್ರಗಳನ್ನೂ ನಕಲು ಮಾಡುತ್ತಿದ್ದ. ಕಣ್ಣು, ಕಿವಿ, ಕೈ, ಕಾಲು ಎಂದು ಬಿಡಿಬಿಡಿಯಾಗಿ ಬರೆದು ಕೈ ಪಳಗಿದ ಮೇಲೆ ಗ್ರೀಕ್ ಮತ್ತು ರೋಮನ್ ಶಿಲ್ಪಗಳ ಪ್ಲಾಸ್ಟರ್ ಅಚ್ಚುಗಳ ಮುಂದೆ ಕೂರುತ್ತಿದ್ದ. ಬಿಳಿಯ ಪ್ಲಾಸ್ಟರಿನ ಮೇಲೆ ಬೆಳಕು ಬಿದ್ದು ನೆರಳು ಹೇಗೆ ಹರಡುತ್ತದೆ ಎಂಬುದನ್ನು ಅಲ್ಲಿ ಕಲಿಯುತ್ತಿದ್ದ. ಅಲ್ಲೂ ತೇರ್ಗಡೆಯಾದವನಿಗೆ ಮಾತ್ರ ಜೀವಂತ ರೂಪದರ್ಶಿಯ ಕೋಣೆಗೆ ಪ್ರವೇಶ. ವೇದಿಕೆಯ ಮೇಲೆ ರೂಪದರ್ಶಿ ಒಂದೇ ಭಂಗಿಯಲ್ಲಿ ಬಹಳ ಹೊತ್ತು ನಿಲ್ಲಬೇಕು. ಎತ್ತಿದ ಕೈ ಸೋಲದಂತೆ ಹಿಡಿದುಕೊಳ್ಳಲು ಒಂದು ಕೋಲನ್ನೋ ಮೇಲಿನಿಂದ ಇಳಿಬಿಟ್ಟ ಹಗ್ಗವನ್ನೋ ಕೊಡುತ್ತಿದ್ದರು. ಪ್ಯಾರಿಸಿನ ಅಕಾಡೆಮಿಯಲ್ಲಿ ಬಹುಕಾಲ ರೂಪದರ್ಶಿ ಎಂದರೆ ಗಂಡಸೇ.

ಪ್ಲಾಸ್ಟರಿನಿಂದ ಕಲಿಯಲಾಗದ್ದು ಈ ಕೋಣೆಯಲ್ಲಿ ಏನು ಸಿಗುತ್ತಿತ್ತು? ಮುಖ್ಯವಾಗಿ ದೇಹದ ತೂಕ. ಮನುಷ್ಯ ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಾಗ ಆ ಬದಿಯ ಸೊಂಟ ಮೇಲೇರುತ್ತದೆ, ಅದೇ ಬದಿಯ ಭುಜ ಇಳಿಯುತ್ತದೆ, ನಡುವೆ ಬೆನ್ನುಮೂಳೆ ಬಾಗುತ್ತದೆ. ಹೊತ್ತು ಕಳೆದಂತೆ ಸ್ನಾಯು ಸೋತು ಭಂಗಿ ಕೂದಲೆಳೆಯಷ್ಟು ಕುಸಿಯುತ್ತದೆ. ಅಚ್ಚು ಕುಸಿಯುವುದಿಲ್ಲ, ಉಸಿರಾಡುವುದಿಲ್ಲ. ಅದರಲ್ಲಿ ಕಾಣುವುದು ಒಬ್ಬ ಶಿಲ್ಪಿ ಆಗಲೇ ಆಯ್ದು ತಿದ್ದಿ ಕೊಟ್ಟ ದೇಹ. ಅಚ್ಚುಗಳಿಂದಷ್ಟೇ ಕಲಿತವರ ಚಿತ್ರವನ್ನು ಗುರುತಿಸುವುದು ಕಷ್ಟವಲ್ಲ. ಪಾದಗಳು ನೆಲವನ್ನು ಒತ್ತುವುದಿಲ್ಲ, ತೋಳುಗಳು ಭುಜದಿಂದ ಹೊರಡದೆ ಅಂಗಿಯ ತೋಳಿನಿಂದ ಹೊರಟಂತಿರುತ್ತವೆ, ಬಟ್ಟೆಯ ನೆರಿಗೆಗಳ ಕೆಳಗೆ ಮೈ ಇದೆ ಎನಿಸುವುದಿಲ್ಲ.

ಇದು ಕೈಚಳಕದ ಪ್ರಶ್ನೆಯಷ್ಟೇ ಆಗಿದ್ದರೆ ಅಷ್ಟು ದೊಡ್ಡ ವಿಷಯವಾಗುತ್ತಿರಲಿಲ್ಲ. 1660ರ ದಶಕದಲ್ಲಿ ಫ್ರೆಂಚ್ ಬರಹಗಾರ ಆಂದ್ರೆ ಫೆಲಿಬಿಯನ್ ಚಿತ್ರಪ್ರಕಾರಗಳನ್ನು ಮೇಲುಕೀಳಿನ ಕ್ರಮದಲ್ಲಿ ಜೋಡಿಸಿದ. ಹಣ್ಣು, ಹೂವು ಬರೆಯುವವರದು ಕೆಳಗಿನ ಮೆಟ್ಟಿಲು. ಅದಕ್ಕಿಂತ ಮೇಲೆ ಭೂದೃಶ್ಯ, ಪ್ರಾಣಿಗಳು, ವ್ಯಕ್ತಿಚಿತ್ರ. ಎಲ್ಲಕ್ಕೂ ಮೇಲೆ ಪುರಾಣ, ಬೈಬಲ್ ಮತ್ತು ಇತಿಹಾಸದ ಕಥೆಗಳನ್ನು ಅನೇಕ ಮನುಷ್ಯಾಕೃತಿಗಳ ಮೂಲಕ ಹೇಳುವ ದೊಡ್ಡ ಚಿತ್ರಗಳು. ಅಕಾಡೆಮಿಗಳು ಈ ಕ್ರಮವನ್ನು ಆಡಳಿತದ ನಿಯಮದಂತೆ ಪಾಲಿಸಿದವು. ಪ್ರಾಧ್ಯಾಪಕ ಹುದ್ದೆ, ಸರ್ಕಾರಿ ಬೇಡಿಕೆಯ ದೊಡ್ಡ ಚಿತ್ರಗಳು, ಸರ್ಕಾರದ ಖರ್ಚಿನಲ್ಲಿ ರೋಮಿಗೆ ಕಳಿಸುತ್ತಿದ್ದ ಪ್ರೀ ದ ರೋಮ್ ಬಹುಮಾನ, ಎಲ್ಲವೂ ಮೇಲಿನ ಮೆಟ್ಟಿಲಿನವರಿಗೆ. ಆ ಮೆಟ್ಟಿಲಿಗೆ ನಗ್ನಾಧ್ಯಯನವಿಲ್ಲದೆ ಏರಲಾಗದು. ಹೀಗಾಗಿ ಒಂದು ಕೋಣೆಯ ಬಾಗಿಲು ಹಾಕಿದರೆ ಸಾಕಿತ್ತು, ಉಳಿದ ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳುತ್ತಿದ್ದವು.

ನಿಷೇಧದ ಕಾರಣಗಳು

ಬಾಯಲ್ಲಿ ಹೇಳುತ್ತಿದ್ದ ಕಾರಣ ಮಾನಮರ್ಯಾದೆ. ಮದುವೆಯಾಗದ ಹುಡುಗಿ ಬೆತ್ತಲೆ ಗಂಡಸನ್ನು ಗಂಟೆಗಟ್ಟಲೆ ನೋಡುತ್ತ ಕೂರುವುದು ಸಲ್ಲದು, ನೋಡಿದವಳ ಹೆಸರು ಕೆಡುತ್ತದೆ, ಮುಂದೆ ಅವಳಿಗೆ ಗಂಡು ಸಿಗುವುದಿಲ್ಲ ಎಂಬುದು ವಾದ. ಕಾಮದ ಆತಂಕ ಗಂಡುಹುಡುಗರ ಬಗೆಗೂ ಇರಲಿಲ್ಲವೆಂದಲ್ಲ. ಲಂಡನ್ನಿನ ರಾಯಲ್ ಅಕಾಡೆಮಿ ತನ್ನ ಆರಂಭದ ನಿಯಮಗಳಲ್ಲಿಯೇ 20 ವರ್ಷ ತುಂಬದ ವಿದ್ಯಾರ್ಥಿ ವಿವಾಹಿತನಲ್ಲದಿದ್ದರೆ ಹೆಣ್ಣು ರೂಪದರ್ಶಿಯನ್ನು ಬರೆಯುವಂತಿಲ್ಲ ಎಂದು ಹೇಳಿತ್ತು. ಆದರೆ ಹುಡುಗನನ್ನು ಈ ನಿಯಮ ಕೆಲವು ವರ್ಷ ಕಾಯಿಸಿತು. ಹುಡುಗಿಗೆ ಜೀವಮಾನವಿಡೀ ಬಾಗಿಲು ಮುಚ್ಚಿತ್ತು.

ಮರ್ಯಾದೆಯ ಮಾತು ಎಲ್ಲ ಹೆಂಗಸರಿಗೂ ಅನ್ವಯಿಸುತ್ತಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಹತ್ತಿಪ್ಪತ್ತು ಗಂಡಸರ ನಡುವೆ ಬಟ್ಟೆ ಬಿಚ್ಚಿ ನಿಲ್ಲುತ್ತಿದ್ದ ರೂಪದರ್ಶಿಯೂ ಹೆಣ್ಣೇ. ಅವಳು ಅಗಸಗಿತ್ತಿಯ ಮಗಳೋ, ಹೊಲಿಗೆಯವಳೋ ಆಗಿರುತ್ತಿದ್ದಳು. ಅವಳ ಮಾನದ ಬಗ್ಗೆ ಅಕಾಡೆಮಿಗಳು ಚಿಂತಿಸಿದ್ದು ಕಡಿಮೆ. ಕಾಪಾಡಬೇಕಾಗಿದ್ದದ್ದು ಅನುಕೂಲಸ್ಥರ ಮನೆಯ ಹುಡುಗಿಯ ಮಾನವನ್ನು ಮಾತ್ರ.

ಇನ್ನೊಂದು ಕಾರಣ ಹೊಟ್ಟೆಪಾಡಿನದು, ಅದನ್ನು ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. 1648ರಲ್ಲಿ ಸ್ಥಾಪನೆಯಾದ ಪ್ಯಾರಿಸಿನ ರಾಯಲ್ ಅಕಾಡೆಮಿ 1663ರಲ್ಲೇ ಕ್ಯಾಥರೀನ್ ದುಶೆಮಿನ್ ಎಂಬ ಹೂಚಿತ್ರಗಾರ್ತಿಯನ್ನು ಸದಸ್ಯೆಯಾಗಿ ತೆಗೆದುಕೊಂಡಿತ್ತು. ಆದರೆ ಸಂಖ್ಯೆ ಬೆಳೆಯುವ ಲಕ್ಷಣ ಕಂಡಾಗ, 1770ರಲ್ಲಿ, ಒಂದು ಹೊತ್ತಿಗೆ ನಾಲ್ಕಕ್ಕಿಂತ ಹೆಚ್ಚು ಹೆಂಗಸರು ಇರಕೂಡದೆಂದು ಮಿತಿ ಹಾಕಿತು. 1783ರಲ್ಲಿ ಎಲಿಜಬೆತ್ ವಿಜೆ ಲ ಬ್ರನ್ ಮತ್ತು ಅಡೆಲೈಡ್ ಲಬೀಲ್-ಗಿಯಾರ್ ಒಂದೇ ದಿನ ಸದಸ್ಯೆಯರಾದಾಗ ಆ ಮಿತಿಯನ್ನು ಮತ್ತೆ ದೃಢಪಡಿಸಿಕೊಂಡಿತು. ಮಾನಮರ್ಯಾದೆಯೊಂದೇ ಕಾರಣವಾಗಿದ್ದರೆ ಲೆಕ್ಕ ಇಡಬೇಕಾದ ಅಗತ್ಯವಿರಲಿಲ್ಲ. ಸದಸ್ಯೆಯಾದವಳಿಗೂ ಅಲ್ಲಿ ಪಾಠ ಹೇಳುವ ಹಕ್ಕಾಗಲಿ ನಗ್ನಾಧ್ಯಯನಕ್ಕೆ ಕೂರುವ ಹಕ್ಕಾಗಲಿ ಇರಲಿಲ್ಲ.

ಇವೆರಡರ ಮೇಲೆ ಕಟ್ಟಿದ್ದ ಸಿದ್ಧಾಂತವೂ ಒಂದಿತ್ತು: ಹೆಣ್ಣು ಕಣ್ಣೆದುರಿನದನ್ನು ಚೆನ್ನಾಗಿ ಅನುಕರಿಸಬಲ್ಲಳು, ಕಲ್ಪಿಸಲಾರಳು, ಆದ್ದರಿಂದ ಹೂವು, ಮಕ್ಕಳು, ವ್ಯಕ್ತಿಚಿತ್ರ ಅವಳಿಗೆ ಸಾಕು. ದೊಡ್ಡ ಚಿತ್ರ ಬರೆಯದವರಿಗೆ ನಗ್ನಾಧ್ಯಯನ ಬೇಕಿಲ್ಲ. ನಗ್ನಾಧ್ಯಯನ ಮಾಡದ್ದರಿಂದ ಅವರು ದೊಡ್ಡ ಚಿತ್ರ ಬರೆಯಲಿಲ್ಲ. ಈ ಸುತ್ತುವಾದವನ್ನು ಅಮೆರಿಕದ ಕಲಾ ಇತಿಹಾಸಕಾರ್ತಿ ಲಿಂಡಾ ನಾಕ್ಲಿನ್ 1971ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಬಯಲಿಗೆಳೆದರು. ಮಹಾನ್ ಕಲಾವಿದೆಯರು ಏಕೆ ಇಲ್ಲ ಎಂಬ ಪ್ರಶ್ನೆಗೆ ಉತ್ತರವನ್ನು ಪ್ರತಿಭೆಯಲ್ಲಿ ಹುಡುಕದೆ ಸಂಸ್ಥೆಗಳಲ್ಲಿ ಹುಡುಕಬೇಕೆಂದು ಅವರು ವಾದಿಸಿದರು. ನಗ್ನಾಧ್ಯಯನದ ನಿಷೇಧವೇ ಅವರು ಕೊಟ್ಟ ಮುಖ್ಯ ಸಾಕ್ಷ್ಯ.

ಲಂಡನ್: ಗೋಡೆಯ ಮೇಲಿನ ಇಬ್ಬರು

1768ರಲ್ಲಿ ರಾಯಲ್ ಅಕಾಡೆಮಿ ಸ್ಥಾಪನೆಯಾದಾಗ ಸ್ಥಾಪಕ ಸದಸ್ಯರಲ್ಲಿ ಇಬ್ಬರು ಹೆಂಗಸರಿದ್ದರು: ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಆಂಜೆಲಿಕಾ ಕಾಫ್‌ಮನ್ ಮತ್ತು ಹೂಚಿತ್ರಗಳಿಗೆ ಹೆಸರಾದ ಮೇರಿ ಮೋಸರ್. 1771-72ರಲ್ಲಿ ಯೋಹಾನ್ ಜೊಫಾನಿ ಅಕಾಡೆಮಿಯ ಸದಸ್ಯರನ್ನು ಸೇರಿಸಿ ಒಂದು ಗುಂಪುಚಿತ್ರ ಬರೆದ. ದೀಪದ ಬೆಳಕಿನ ಕೋಣೆ. ಒಬ್ಬ ಗಂಡು ರೂಪದರ್ಶಿಯನ್ನು ಭಂಗಿಗೆ ನಿಲ್ಲಿಸುತ್ತಿದ್ದಾರೆ, ಇನ್ನೊಬ್ಬ ಬಟ್ಟೆ ಕಳಚುತ್ತಿದ್ದಾನೆ, ಸುತ್ತ ಸದಸ್ಯರು ಹರಟುತ್ತ ನಿಂತಿದ್ದಾರೆ. ಈ ಕೋಣೆಗೆ ಕಾಲಿಡುವ ಹಕ್ಕಿಲ್ಲದ ಇಬ್ಬರು ಸದಸ್ಯೆಯರನ್ನು ಚಿತ್ರದಲ್ಲಿ ಹೇಗೆ ಸೇರಿಸುವುದು? ಜೊಫಾನಿ ಅವರ ಮುಖಗಳನ್ನು ಬಲಗೋಡೆಗೆ ತೂಗುಹಾಕಿದ ಎರಡು ವ್ಯಕ್ತಿಚಿತ್ರಗಳಾಗಿ ಬರೆದ. ಅಂದಿನ ಸ್ಥಿತಿಯನ್ನು ಯಾವ ದಾಖಲೆಯೂ ಇಷ್ಟು ಚೊಕ್ಕವಾಗಿ ಹೇಳಿಲ್ಲ.

ಕಾಫ್‌ಮನ್ ಹೂವು ಬರೆಯಲು ಒಪ್ಪಲಿಲ್ಲ. ಹೋಮರನ ಕಥೆಗಳನ್ನೇ ಬರೆದಳು. ತಂದೆ ಚಿತ್ರಗಾರನಾಗಿದ್ದರಿಂದ ಕಲಿಕೆ ಮನೆಯಲ್ಲೇ ಶುರುವಾಗಿತ್ತು, ಇಟಲಿಯಲ್ಲಿ ಹಳೆಯ ಶಿಲ್ಪಗಳನ್ನು ಬರೆದು ಕೈ ಪಳಗಿತ್ತು. ಆದರೂ ಅವಳು ಗುಟ್ಟಾಗಿ ಬೆತ್ತಲೆ ಗಂಡಸರನ್ನು ಬರೆಯುತ್ತಾಳೆಂಬ ಗಾಳಿಮಾತು ಅವಳ ಬೆನ್ನು ಬಿಡಲಿಲ್ಲ. ಅವಳು ಸತ್ತ ಎಷ್ಟೋ ವರ್ಷಗಳ ಮೇಲೂ ಅಕಾಡೆಮಿಯ ಒಬ್ಬ ಮುದಿ ರೂಪದರ್ಶಿಯನ್ನು ಇದರ ಬಗ್ಗೆ ವಿಚಾರಿಸಿದ್ದುಂಟು. ತಾನು ಅವಳ ಮುಂದೆ ತೋರಿಸಿದ್ದು ತೋಳು, ಭುಜ, ಕಾಲುಗಳನ್ನಷ್ಟೇ, ಆಗೆಲ್ಲ ಅವಳ ತಂದೆ ಅಲ್ಲೇ ಇರುತ್ತಿದ್ದ ಎಂದು ಅವನು ಹೇಳಿದ. ಇತ್ತ ವಿಮರ್ಶಕರು ಅವಳ ವೀರರೆಲ್ಲ ಹುಡುಗಿಯರ ಹಾಗೆ ಕಾಣುತ್ತಾರೆಂದು ಛೇಡಿಸುತ್ತಿದ್ದರು. ಗಂಡಿನ ಮೈ ನೋಡಿದರೆ ಅಪವಾದ, ನೋಡದಿದ್ದರೆ ಅಪಹಾಸ್ಯ.

ಕಾಫ್‌ಮನ್ ಮತ್ತು ಮೋಸರ್ ನಂತರ ಒಂದು ಶತಮಾನಕ್ಕೂ ಮೀರಿ ಬೇರೆ ಹೆಂಗಸರು ಸದಸ್ಯರಾಗಲಿಲ್ಲ. ಅಕಾಡೆಮಿಯ ಶಾಲೆಗೂ ಹುಡುಗಿಯರಿಗೆ ಪ್ರವೇಶವಿರಲಿಲ್ಲ. 1859ರಲ್ಲಿ 38 ಮಂದಿ ಹೆಂಗಸರು ಶಾಲೆಯನ್ನು ತಮಗೂ ತೆರೆಯಬೇಕೆಂದು ಸಹಿ ಹಾಕಿ ಮನವಿ ಸಲ್ಲಿಸಿದರು. ಮರುವರ್ಷ ಲಾರಾ ಹರ್‌ಫರ್ಡ್ ಎಂಬಾಕೆ ಪ್ರವೇಶಕ್ಕೆ ಬೇಕಾದ ರೇಖಾಚಿತ್ರಗಳನ್ನು ಎಲ್. ಹರ್‌ಫರ್ಡ್ ಎಂದಷ್ಟೇ ಹೆಸರು ಬರೆದು ಕಳಿಸಿದಳು. ಪರೀಕ್ಷಕರು ಗಂಡುಹುಡುಗನೆಂದೇ ಭಾವಿಸಿ ಪ್ರವೇಶ ಕೊಟ್ಟರು. ಗುಟ್ಟು ತಿಳಿದಾಗ ನಿಯಮಾವಳಿಯನ್ನು ತಿರುವಿ ಹಾಕಿದರೆ ಹೆಂಗಸರು ಬರಬಾರದೆಂದು ಎಲ್ಲೂ ಬರೆದಿರಲಿಲ್ಲ! ಯಾರೂ ಬರುವುದಿಲ್ಲವೆಂದು ಬರೆಯುವ ಗೋಜಿಗೇ ಹೋಗಿರಲಿಲ್ಲ. ಹರ್‌ಫರ್ಡ್ ಒಳಗೆ ಬಂದಳು, ಅವಳ ಹಿಂದೆ ಇನ್ನೂ ಕೆಲವರು ಬಂದರು. ಆದರೆ ಅವರ ಓದು ಪ್ಲಾಸ್ಟರ್ ಅಚ್ಚು ಮತ್ತು ಬಟ್ಟೆ ತೊಟ್ಟ ರೂಪದರ್ಶಿಯ ಹಂತದಲ್ಲೇ ನಿಂತಿತು.

ಆ ಹಂತವನ್ನು ದಾಟಲು ಮತ್ತೆ 33 ವರ್ಷ ಹಿಡಿಯಿತು. 1893ರ ಕೊನೆಯಲ್ಲಿ ಅಕಾಡೆಮಿ ಹೆಂಗಸರಿಗೆ ಗಂಡು ರೂಪದರ್ಶಿಯನ್ನು ಒದಗಿಸಲು ಒಪ್ಪಿತು, ಆದರೆ ಉಡುಪಿನ ನಿಯಮವನ್ನು ಇಂಚು ಬಿಡದೆ ಬರೆದಿಟ್ಟಿತು. ರೂಪದರ್ಶಿ ಮೊದಲು ಈಜುಚಡ್ಡಿ ತೊಡಬೇಕು. ಅದರ ಮೇಲೆ 9 ಅಡಿ ಉದ್ದ, 3 ಅಡಿ ಅಗಲದ ತೆಳುಬಟ್ಟೆಯನ್ನು ಸೊಂಟಕ್ಕೆ ಸುತ್ತಿ, ಕಾಲುಗಳ ನಡುವೆ ಹಾಯಿಸಿ, ಸೊಂಟಪಟ್ಟಿಗೆ ಸಿಕ್ಕಿಸಬೇಕು. ಬಟ್ಟೆ ಜಾರದಂತೆ ಮೇಲೊಂದು ಸಣ್ಣ ಚರ್ಮದ ಪಟ್ಟಿ ಬಿಗಿಯಬೇಕು. ಕಚ್ಚೆ ಹಾಕಿ ಪಂಚೆ ಉಟ್ಟವರನ್ನು ದಿನವೂ ನೋಡುವ ನಮ್ಮ ಓದುಗರಿಗೆ ಇದರಲ್ಲಿ ಎಷ್ಟು ಅಧ್ಯಯನ ಸಾಧ್ಯ, ಎಷ್ಟು ಅಸಾಧ್ಯ ಎಂಬುದು ಹೇಳದೆಯೇ ಹೊಳೆಯುತ್ತದೆ. ಚಿತ್ರಗಾರನಿಗೆ ನಡುಭಾಗವೇ ಕಠಿಣ. ಮುಂಡ ಮತ್ತು ಕಾಲು ಕೂಡುವ ಜಾಗ, ಸೊಂಟದ ಮೂಳೆಯ ಓರೆ, ತೊಡೆಯ ಸ್ನಾಯು ಹೊರಡುವ ಬಿಂದು ಎಲ್ಲವೂ ಆ 9 ಅಡಿ ಬಟ್ಟೆಯ ಕೆಳಗೆ ಮರೆಯಾದವು.

ಅಷ್ಟರೊಳಗೆ ಲಂಡನ್ನಿನಲ್ಲಿ ಬೇರೆ ಏರ್ಪಾಡುಗಳೂ ಆಗಿದ್ದವು. 1850ರ ಸುಮಾರಿಗೆ ಎಲಿಜಾ ಫಾಕ್ಸ್ ತನ್ನ ತಂದೆಯ ಮನೆಯಲ್ಲಿ ಹೆಂಗಸರಿಗಾಗಿಯೇ ಹೆಣ್ಣು ರೂಪದರ್ಶಿಯನ್ನಿಟ್ಟು ತರಗತಿ ನಡೆಸುತ್ತಿದ್ದಳು. ರೂಪದರ್ಶಿಯ ಕೂಲಿ ಹಂಚಿಕೊಂಡು, ಒಬ್ಬರ ಕೆಲಸವನ್ನೊಬ್ಬರು ತಿದ್ದಿಕೊಂಡು ಕಲಿಯುವ ಇಂಥ ಕೂಟಗಳು ಹೆಂಗಸರ ಮೊದಲ ನಗ್ನಾಧ್ಯಯನ ಶಾಲೆಗಳು. 1871ರಲ್ಲಿ ತೆರೆದ ಸ್ಲೇಡ್ ಶಾಲೆ ಆರಂಭದಿಂದಲೇ ಹುಡುಗಿಯರನ್ನು ಸೇರಿಸಿಕೊಂಡು, ಪ್ರತ್ಯೇಕ ಕೋಣೆಯಲ್ಲಿ, ಅರೆಬಟ್ಟೆಯ ರೂಪದರ್ಶಿಯ ಮುಂದೆ ಕೂರಿಸಿತು. ಇಷ್ಟಾದರೂ ಪೂರ್ತಿ ಕಲಿಯಬೇಕೆಂದವರು ಹಡಗು ಹತ್ತಿ ಪ್ಯಾರಿಸಿಗೇ ಹೋಗಬೇಕಿತ್ತು.

ಮನೆಯ ಕಾರ್ಯಾಗಾರ ಮತ್ತು ಕುದುರೆ ಸಂತೆ

ಅಕಾಡೆಮಿಗಿಂತ ಹಳೆಯ ದಾರಿ ಅಪ್ಪನ ಕಾರ್ಯಾಗಾರ. 17ನೆಯ ಶತಮಾನದ ಇಟಲಿಯಲ್ಲಿ ಆರ್ಟೆಮಿಸಿಯಾ ಜೆಂಟಿಲೆಸ್ಕಿ, ಎಲಿಸಬೆಟ್ಟಾ ಸಿರಾನಿ ಇಬ್ಬರೂ ಚಿತ್ರಗಾರರ ಮಕ್ಕಳು. ಬಣ್ಣ ಅರೆಯುತ್ತ, ಕ್ಯಾನ್‌ವಾಸ್ ಸಿದ್ಧಪಡಿಸುತ್ತ ಕಲಿತ ಇವರಿಗೆ ರೂಪದರ್ಶಿಗಳು ಮನೆಯೊಳಗೇ ಸಿಗುತ್ತಿದ್ದರು. ಆರ್ಟೆಮಿಸಿಯಾ 1610ರಲ್ಲಿ, ತನ್ನ 17ನೆಯ ವಯಸ್ಸಿಗೆ ಬರೆದ ಸುಸನ್ನಾಳ ಚಿತ್ರದಲ್ಲಿ ಮೈ ತಿರುಚಿ ಕುಳಿತ ನಗ್ನ ಹೆಣ್ಣಿನ ಹೊಟ್ಟೆಯ ಮಡಿಕೆ, ಚರ್ಮದ ಎಳೆತ ಇವು ಕಣ್ಣಾರೆ ನೋಡಿ ಬರೆದವೆಂಬುದರಲ್ಲಿ ಸಂಶಯವಿಲ್ಲ. ಈ ದಾರಿಯ ದೋಷ ಸ್ಪಷ್ಟ: ಅಪ್ಪ ಚಿತ್ರಗಾರನಾಗಿರಬೇಕು. ಅಲ್ಲದೆ ಆ ಮನೆ ಸುರಕ್ಷಿತವೂ ಆಗಿರಬೇಕು. ಅಪ್ಪನ ಸಹೋದ್ಯೋಗಿ ಅಗೊಸ್ತಿನೊ ತಾಸ್ಸಿ ಆರ್ಟೆಮಿಸಿಯಾಳ ಮೇಲೆ ಅತ್ಯಾಚಾರ ಮಾಡಿದ್ದು, 1612ರಲ್ಲಿ ಅದು ನ್ಯಾಯಾಲಯದ ವಿಚಾರಣೆಯಾದದ್ದು ಪ್ರಸಿದ್ಧವೇ ಇದೆ.

ಇದೇ ದಾರಿಯಲ್ಲಿ ಹೊರಟು ಬೇರೆಡೆ ತಿರುಗಿದವಳು ಫ್ರಾನ್ಸಿನ ರೋಸಾ ಬೊನೂರ್ (1822-1899). ಅವಳ ತಂದೆ ರೇಮಂಡ್ ಚಿತ್ರಕಲಾ ಶಿಕ್ಷಕ; ಅವನ ನಾಲ್ಕು ಮಕ್ಕಳೂ ಕಲಾವಿದರೇ ಆದರು. ಮನುಷ್ಯನ ಬೆತ್ತಲೆ ಮೈ ಸಿಗದಿದ್ದರೆ ಪ್ರಾಣಿಯ ಮೈಗೆ ಯಾರ ಅಡ್ಡಿ? ಬೊನೂರ್ ಪ್ಯಾರಿಸಿನ ಕಸಾಯಿಖಾನೆಗಳಿಗೆ ಹೋಗಿ ಚರ್ಮ ಸುಲಿದ ದೇಹಗಳಲ್ಲಿ ಸ್ನಾಯು, ಮೂಳೆ, ನರಗಳ ಜೋಡಣೆಯನ್ನು ಕಲಿತಳು. ಆಮೇಲೆ ನಗರದ ಕುದುರೆ ಸಂತೆಗೆ ವಾರಕ್ಕೆ ಎರಡು ಸಲದಂತೆ ಸುಮಾರು ಒಂದೂವರೆ ವರ್ಷ ಹೋಗಿ ಬರೆದಳು. ಲಂಗ ತೊಟ್ಟು ಅಂಥ ಕಡೆ ನಿಂತರೆ ದಲ್ಲಾಳಿಗಳ ಕಾಟ, ಕೆಸರಿನ ಕಾಟ; ಷರಾಯಿ ತೊಡೋಣವೆಂದರೆ ಹೆಂಗಸರು ಗಂಡುಡುಗೆ ತೊಡಲು ಪೊಲೀಸರ ಅಪ್ಪಣೆ ಬೇಕೆಂಬ 1800ರ ಕಾನೂನು. ಬೊನೂರ್ ವೈದ್ಯರ ಶಿಫಾರಸಿನೊಂದಿಗೆ ಅರ್ಜಿ ಹಾಕಿ ಆ ಅಪ್ಪಣೆ ಪಡೆದಳು. ಆರು ತಿಂಗಳಿಗೊಮ್ಮೆ ಅದನ್ನು ನವೀಕರಿಸಿಕೊಳ್ಳಬೇಕಿತ್ತು.

ಆ ಸಂತೆಯಿಂದ ಹುಟ್ಟಿದ 'ಕುದುರೆ ಸಂತೆ' ಚಿತ್ರ 1853ರ ಸಲೋನ್ ಪ್ರದರ್ಶನದಲ್ಲಿ ತೂಗಿತು. ಸುಮಾರು 8 ಅಡಿ ಎತ್ತರ, 16 ಅಡಿಗೂ ಮೀರಿದ ಅಗಲ; ಅಂದರೆ ಪ್ರಾಣಿಚಿತ್ರಕ್ಕೆ ಪುರಾಣಚಿತ್ರದ ಅಳತೆ. ಹಿಂಗಾಲ ಮೇಲೆ ಎದ್ದು ನಿಂತ ಬಿಳಿಕುದುರೆ, ಅದರ ಲಗಾಮು ಜಗ್ಗುತ್ತಿರುವ ಆಳು, ತಿರುಗಿದ ಕತ್ತು, ಉಬ್ಬಿದ ತೊಡೆ. ಅಕಾಡೆಮಿಯ ಹುಡುಗರು ನಗ್ನ ಗಂಡಸಿನಲ್ಲಿ ಕಲಿತ ಒತ್ತಡ, ಎಳೆತ, ಭಾರ ಎಲ್ಲವನ್ನೂ ಅವಳು ಕುದುರೆಯ ಮೈಮೇಲೆ ತಂದಿಟ್ಟಳು. ಶ್ರೇಣಿಯ ಕೆಳಮೆಟ್ಟಿಲನ್ನೇ ಎತ್ತಿ ಮೇಲಿನದರ ಪಕ್ಕ ಇಟ್ಟಂತಾಯಿತು. 1865ರಲ್ಲಿ ಫ್ರಾನ್ಸಿನ ಲೀಜನ್ ಆಫ್ ಆನರ್ ಪಡೆದ ಮೊದಲ ಕಲಾವಿದೆಯಾದಳು. ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ.

ಅಕಾಡೆಮಿ ಜೂಲಿಯನ್

ಪ್ಯಾರಿಸಿನ ಸರ್ಕಾರಿ ಕಲಾಶಾಲೆ ಎಕೋಲ್ ದೆ ಬೋಜಾರ್‌ನಲ್ಲಿ ಶುಲ್ಕವಿರಲಿಲ್ಲ. ಪ್ರವೇಶ ಪರೀಕ್ಷೆ ಗೆದ್ದ ವಿದೇಶಿ ಹುಡುಗರಿಗೂ ಅಲ್ಲಿ ಪಾಠ ಉಚಿತ. ಫ್ರೆಂಚ್ ಹುಡುಗಿಗೆ, ಅವಳ ಅಪ್ಪ ಕಟ್ಟಿದ ತೆರಿಗೆಯಿಂದ ನಡೆಯುವ ಶಾಲೆಯಾದರೂ, ಜಾಗವಿಲ್ಲ. ಈ ಕೊರತೆಯಲ್ಲಿ ವ್ಯಾಪಾರವಿದೆ ಎಂದು ಕಂಡವನು ರೊಡಾಲ್ಫ್ ಜೂಲಿಯನ್. 1868ರಲ್ಲಿ ಅವನು ತೆರೆದ ಖಾಸಗಿ ಶಾಲೆಗೆ ಪ್ರವೇಶ ಪರೀಕ್ಷೆ ಇರಲಿಲ್ಲ. ಹಣ ಕಟ್ಟಿದವರೆಲ್ಲ ಬರಬಹುದಿತ್ತು. ಮೊದಲಿಗೆ ಗಂಡು ಹೆಣ್ಣು ಒಟ್ಟಿಗೆ ಕೂರುತ್ತಿದ್ದರು. ಮರ್ಯಾದಸ್ಥ ಮನೆಗಳವರು ಹಿಂಜರಿದಾಗ 1870ರ ದಶಕದಲ್ಲಿ ಹೆಂಗಸರ ಸ್ಟುಡಿಯೊವನ್ನು ಬೇರೆ ಮಾಡಿದ. ಅವರ ಶುಲ್ಕ ಗಂಡಸರದರ ಸುಮಾರು ಎರಡರಷ್ಟು. ಬಂದವರೆಲ್ಲ ಹಣವಂತರ ಮನೆಯವರೆಂಬ ಲೆಕ್ಕಾಚಾರ ಅವನದು. ಬೇರೆ ಕಡೆ ಹೋಗುವ ದಾರಿ ಅವರಿಗೆ ಇಲ್ಲವೆಂಬುದೂ ಅವನಿಗೆ ಚೆನ್ನಾಗಿ ಗೊತ್ತಿತ್ತು.

1877ರ ಅಕ್ಟೋಬರಿನಲ್ಲಿ ಇಲ್ಲಿಗೆ ಸೇರಿದವಳು ಮರೀ ಬಾಷ್ಕಿರ್ತ್ಸೆವ್. ಇಂದಿನ ಉಕ್ರೇನಿನ ಪೊಲ್ಟಾವಾ ಬಳಿಯ ಜಮೀನುದಾರ ಮನೆತನದ ಈ ಹುಡುಗಿಗೆ ಆಗ 18 ವರ್ಷ. ಹಾಡುಗಾರ್ತಿಯಾಗಬೇಕೆಂದಿದ್ದವಳು ಕಾಯಿಲೆಯಿಂದ ದನಿ ಕಳೆದುಕೊಂಡು ಚಿತ್ರಕ್ಕೆ ಬಂದಿದ್ದಳು. ಅವಳ ಸಾವಿನ ನಂತರ 1887ರಲ್ಲಿ ಅಚ್ಚಾದ ದಿನಚರಿಯಿಂದ ಆ ಸ್ಟುಡಿಯೊದ ದಿನನಿತ್ಯ ನಮಗೆ ತಿಳಿಯುತ್ತದೆ. ಬೆಳಗ್ಗೆಯಿಂದ ಸಂಜೆಯವರೆಗೆ ಕೆಲಸ. ರೂಪದರ್ಶಿಯನ್ನು ಗೊತ್ತುಮಾಡುವುದು, ಭಂಗಿ ನಿಲ್ಲಿಸುವುದು ವಿದ್ಯಾರ್ಥಿನಿಯರಲ್ಲೇ ಒಬ್ಬಳಾದ ಮುಖ್ಯಸ್ಥೆಯ ಹೊಣೆ. ತೋನಿ ರಾಬೇರ್-ಫ್ಲೂರಿಯಂಥ ಗುರುಗಳು ವಾರಕ್ಕೊಮ್ಮೆ ಬಂದು ಒಬ್ಬೊಬ್ಬರ ಹಿಂದೆ ನಿಂತು ತಿದ್ದಿ ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಪಕ್ಕದವಳ ಈಸೆಲ್ ನೋಡಿ ಕಲಿಯಬೇಕು. ಬಾಷ್ಕಿರ್ತ್ಸೆವ್ ನೋಡುತ್ತಿದ್ದದ್ದು ಸ್ವಿಸ್ ಹುಡುಗಿ ಲೂಯಿಸ್ ಬ್ರೆಸ್ಲಾವ್ ಬರೆದದ್ದನ್ನು, ಹೊಟ್ಟೆಕಿಚ್ಚಿನಿಂದ. ಅವಳಿಗಿಂತ ತಾನೆಷ್ಟು ಹಿಂದೆ ಎಂಬ ಲೆಕ್ಕ ದಿನಚರಿಯ ತುಂಬ ಇದೆ. ಇಂಥ ಪೈಪೋಟಿ ಗಂಡುಹುಡುಗರಿಗೆ ಶಾಲೆಯಲ್ಲಿ ಸಹಜವಾಗಿ ದಕ್ಕುತ್ತಿತ್ತು. ಮನೆಪಾಠದ ಹುಡುಗಿಯರಿಗೆ ಅದು ಹೊಸದು.

1881ರಲ್ಲಿ ಜೂಲಿಯನ್‌ನ ಸಲಹೆಯಂತೆ ಅವಳು ಸ್ಟುಡಿಯೊವನ್ನೇ ಚಿತ್ರವಾಗಿ ಬರೆದಳು. ಗಾಢ ಬಣ್ಣದ ಉಡುಪಿನ ಹೆಂಗಸರು ಒಬ್ಬರಿಗೊಬ್ಬರು ತಾಗುವಷ್ಟು ಒತ್ತೊತ್ತಾಗಿ ಕುಳಿತು ನಿಂತು ಬರೆಯುತ್ತಿದ್ದಾರೆ. ಗೋಡೆಯ ಮೇಲೆ ಹಿಂದಿನ ಅಧ್ಯಯನಗಳು. ವೇದಿಕೆಯ ಮೇಲಿರುವ ರೂಪದರ್ಶಿ ಬೆಳೆದ ಗಂಡಸಲ್ಲ, ಸೊಂಟಕ್ಕೆ ಹೊದಿಕೆ ಸುತ್ತಿ, ಕೋಲು ಹಿಡಿದು ಬಾಲಕ ಸಂತ ಯೋಹಾನನಂತೆ ನಿಂತ ಒಬ್ಬ ಹುಡುಗ. ತರಗತಿಯಲ್ಲಿ ಬೆಳೆದವರ ನಗ್ನಾಧ್ಯಯನ ನಡೆಯುತ್ತಿದ್ದರೂ, ಸಲೋನ್‌ಗೆ ಬರುವ ಜನರೆದುರು ಅದನ್ನು ತೋರಿಸುವುದು ಶಾಲೆಯ ವ್ಯಾಪಾರಕ್ಕೆ ಒಳ್ಳೆಯದಾಗಿರಲಿಲ್ಲ. ಹೊರಗೆ ಎಷ್ಟು ಹೇಳಬಹುದು ಎಂಬ ಲೆಕ್ಕ ಈ ಹುಡುಗನ ಆಯ್ಕೆಯಲ್ಲೇ ಕಾಣುತ್ತದೆ. ಚಿತ್ರ ಈಗ ಉಕ್ರೇನಿನ ಡ್ನಿಪ್ರೊ ನಗರದ ಸಂಗ್ರಹಾಲಯದಲ್ಲಿದೆ.

ಅದೇ ವರ್ಷ ಅವಳು ಪಾಲೀನ್ ಒರೆಲ್ ಎಂಬ ಗುಪ್ತನಾಮದಲ್ಲಿ 'ಲಾ ಸಿತ್ವಾಯೆನ್' ಎಂಬ ಸ್ತ್ರೀಹಕ್ಕುಗಳ ಪತ್ರಿಕೆಗೆ ಬರೆದು, ಸರ್ಕಾರಿ ಶಾಲೆ ಹೆಂಗಸರನ್ನು ಹೊರಗಿಟ್ಟಿರುವುದನ್ನು ಕಟುವಾಗಿ ಟೀಕಿಸಿದಳು. ಎರಡರಷ್ಟು ಶುಲ್ಕ ಕಟ್ಟಬಲ್ಲ ತನ್ನಂಥವಳಿಗೇ ಇಷ್ಟು ಕಷ್ಟವಾದರೆ ಬಡ ಹುಡುಗಿಯ ಗತಿಯೇನು ಎಂಬುದು ಆ ವಾದದ ಮೊನೆ. 1884ರಲ್ಲಿ, 26 ತುಂಬುವ ಮೊದಲೇ, ಕ್ಷಯದಿಂದ ತೀರಿಕೊಂಡಳು.

ಜೂಲಿಯನ್ ಶಾಲೆ ಕೊಟ್ಟದ್ದು ಬರೀ ರೂಪದರ್ಶಿಯನ್ನಲ್ಲ. ಅಲ್ಲಿ ತಿದ್ದಲು ಬರುತ್ತಿದ್ದ ಬೂಗರೊ, ಲಫೆವ್ರ್ ಮುಂತಾದವರು ಸಲೋನ್ ಪ್ರದರ್ಶನಕ್ಕೆ ಚಿತ್ರ ಆರಿಸುವ ಮಂಡಳಿಯಲ್ಲೂ ಕೂರುತ್ತಿದ್ದರು. ಅವರ ಶಿಷ್ಯೆ ಎಂದರೆ ಚಿತ್ರವನ್ನು ಯಾರಾದರೊಬ್ಬರು ಗುರುತಿಸುತ್ತಿದ್ದರು. ಅಕಾಡೆಮಿ ಇಷ್ಟು ದಿನ ಹೆಂಗಸರಿಗೆ ತಪ್ಪಿಸಿದ್ದು ಈ ನಂಟನ್ನೂ ಹೌದು. ಇದೇ ಬಗೆಯ ಕೊಲರೊಸ್ಸಿ ಶಾಲೆಯಲ್ಲಿ ಗಂಡು ಹೆಣ್ಣು ಒಟ್ಟಿಗೆ ಕೂರುತ್ತಿದ್ದರು, ಶುಲ್ಕದಲ್ಲಿ ಭೇದವಿರಲಿಲ್ಲ. ಜರ್ಮನಿಯಲ್ಲಿ ಖಾಸಗಿಯವರನ್ನು ಕಾಯದೆ ಬರ್ಲಿನ್ನಿನ ಕಲಾವಿದೆಯರು 1867ರಲ್ಲಿ ತಮ್ಮದೇ ಸಂಘ ಕಟ್ಟಿ, ಅದರ ಅಡಿಯಲ್ಲಿ ಶಾಲೆ ತೆರೆದರು. ಕೇಟೆ ಕೊಲ್ವಿಟ್ಸ್ ಕಲಿತದ್ದೂ ಮುಂದೆ ಕಲಿಸಿದ್ದೂ ಆ ಶಾಲೆಯಲ್ಲಿ.

ವೇದಿಕೆಯಿಂದ ಕೆಳಗಿಳಿದವಳು

ಹಣವೂ ಇಲ್ಲದ, ಚಿತ್ರಗಾರ ಅಪ್ಪನೂ ಇಲ್ಲದ ಸುಜಾನ್ ವಲದೋನ್ (1865-1938) ಹಿಡಿದ ದಾರಿಯನ್ನು ಯಾವ ಶಾಲೆಯೂ ಊಹಿಸಿರಲಿಲ್ಲ. ತಂದೆ ಯಾರೆಂದು ತಿಳಿಯದ, ಕೂಲಿ ಮಾಡುವ ತಾಯಿಯ ಮಗಳು. ಸರ್ಕಸ್ಸಿನಲ್ಲಿದ್ದವಳು ಬಿದ್ದು ಪೆಟ್ಟಾದ ಮೇಲೆ ಹದಿಹರೆಯದಲ್ಲೇ ಮೊಂಮಾರ್ತ್‌ನ ಚಿತ್ರಗಾರರಿಗೆ ರೂಪದರ್ಶಿಯಾದಳು. ಪ್ಯುವಿ ದ ಶವಾನ್, ರೆನ್ವಾರ್, ತುಲೂಸ್-ಲೊಟ್ರೆಕ್ ಅವಳನ್ನು ಬರೆದವರು. ಮರ್ಯಾದಸ್ಥ ಹುಡುಗಿಯರು ಹಣ ಕಟ್ಟಿ ಹೋಗುತ್ತಿದ್ದ ಕೋಣೆಗೆ ಇವಳು ಹಣ ಪಡೆದು ಹೋಗುತ್ತಿದ್ದಳು. ಭಂಗಿಯಲ್ಲಿ ನಿಂತೇ ಅವರು ಗೆರೆಯನ್ನು ಎಲ್ಲಿಂದ ಎತ್ತುತ್ತಾರೆ, ಎಲ್ಲಿ ಅಳಿಸುತ್ತಾರೆ, ಯಾವ ಹಂತದಲ್ಲಿ ಬಣ್ಣ ಹಚ್ಚುತ್ತಾರೆ ಎಂಬುದನ್ನು ನೋಡಿಕೊಂಡು ಮನೆಗೆ ಬಂದು ಬರೆಯುತ್ತಿದ್ದಳು. ಅವಳ ರೇಖೆಗಳನ್ನು ನೋಡಿದ ದೆಗಾ ಮೆಚ್ಚಿ ಕೊಂಡುಕೊಂಡ. ಅಚ್ಚೊತ್ತುವ ಕೆಲಸದಲ್ಲಿ ನೆರವಾದ.

ವಲದೋನ್ ಬರೆದ ನಗ್ನ ಹೆಂಗಸರು ಮಿಂದು ಮೈ ಒರೆಸಿಕೊಳ್ಳುವವರು, ದಪ್ಪ ಹೊಟ್ಟೆಯವರು, ಅಡ್ಡಾದಿಡ್ಡಿ ಕುಳಿತವರು. ಒಂದೇ ಭಂಗಿಯಲ್ಲಿ ನಿಂತು ಕಾಲು ಜೋಮುಹಿಡಿದ ಅನುಭವ ಇದ್ದವಳ ಗೆರೆ ಅದು. 1909ರ 'ಆಡಮ್ ಮತ್ತು ಈವ್' ಚಿತ್ರದಲ್ಲಿ ಈವ್ ಅವಳೇ, ಆಡಮ್ ಅವಳ ಪ್ರಿಯಕರ ಆಂದ್ರೆ ಉತ್ತೆರ್. ಇಬ್ಬರೂ ಪೂರ್ತಿ ನಗ್ನರಾಗಿ, ವೀಕ್ಷಕರಿಗೆ ಎದುರಾಗಿ ನಡೆದು ಬರುತ್ತಿದ್ದಾರೆ. ಹೆಣ್ಣೊಬ್ಬಳು ನಗ್ನ ಗಂಡಸನ್ನು ಇಷ್ಟು ನೇರವಾಗಿ ಬರೆದ ನಿದರ್ಶನಗಳು ಅಲ್ಲಿಯವರೆಗೆ ವಿರಳ. ಮುಂದೆ ಪ್ರದರ್ಶನಕ್ಕಿಡುವಾಗ ಆಡಮ್‌ನ ಸೊಂಟದ ಮೇಲೆ ಎಲೆಗಳ ಬಳ್ಳಿಯೊಂದನ್ನು ಬರೆದು ಸೇರಿಸಬೇಕಾಯಿತು. ಈವ್‌ಗೆ ಎಲೆ ಬೇಕೆಂದು ಯಾರೂ ಕೇಳಲಿಲ್ಲ.

ಅಟ್ಲಾಂಟಿಕ್ ಆಚೆಯ ಫಿಲಡೆಲ್ಫಿಯಾದಲ್ಲಿ ಇದೇ ಎಲೆಯ ಜಗಳ ಒಬ್ಬ ಗುರುವಿನ ಕೆಲಸವನ್ನು ಬಲಿತೆಗೆದುಕೊಂಡಿತು. ಅಲ್ಲಿನ ಪೆನ್ಸಿಲ್ವೇನಿಯಾ ಅಕಾಡೆಮಿ 1868ರಲ್ಲೇ ಹೆಂಗಸರಿಗೆ ಹೆಣ್ಣು ರೂಪದರ್ಶಿಯ ತರಗತಿ ಶುರುಮಾಡಿತ್ತು. ಅಲ್ಲಿಯೇ 1882ರ ಸುಮಾರಿಗೆ ತೆಗೆದ ಒಂದು ಫೋಟೊದಲ್ಲಿ ಶಿಲ್ಪ ತರಗತಿಯ ಹೆಂಗಸರ ನಡುವೆ ರೂಪದರ್ಶಿಯಾಗಿ ಒಂದು ಹಸು ನಿಂತಿದೆ. ಗುರು ತಾಮಸ್ ಈಕಿನ್ಸ್‌ಗೆ ಅರೆಬರೆ ಪಾಠ ಒಪ್ಪಿಗೆಯಾಗಲಿಲ್ಲ. ಸೊಂಟದ ಸ್ನಾಯುವನ್ನು ವಿವರಿಸುತ್ತ, ವಿದ್ಯಾರ್ಥಿನಿಯರೂ ಇದ್ದ ತರಗತಿಯಲ್ಲಿ ಗಂಡು ರೂಪದರ್ಶಿಯ ಕೌಪೀನವನ್ನು ತೆಗೆದುಹಾಕಿದ. 1886ರಲ್ಲಿ ಅವನು ರಾಜೀನಾಮೆ ಕೊಡಬೇಕಾಯಿತು.

ಬಾಗಿಲು ತೆರೆದದ್ದು

ಪ್ಯಾರಿಸಿನ ಸರ್ಕಾರಿ ಶಾಲೆಯ ಬಾಗಿಲು ತಟ್ಟಿದ್ದು ಶಿಲ್ಪಿ ಎಲೆನ್ ಬೆರ್ತೊ 1881ರಲ್ಲಿ ಕಟ್ಟಿದ ಕಲಾವಿದೆಯರ ಒಕ್ಕೂಟ. ಒಂದೂವರೆ ದಶಕದ ಮನವಿ, ವಾದ, ಸಮಿತಿಗಳ ನಂತರ 1897ರಲ್ಲಿ ಹೆಂಗಸರಿಗೆ ಪ್ರವೇಶ ಸಿಕ್ಕಿತು. ಮೊದಲ ವಿದ್ಯಾರ್ಥಿನಿಯರು ಕಾಲಿಟ್ಟಾಗ ಗಂಡುಹುಡುಗರು ಧಿಕ್ಕಾರ ಕೂಗಿ ಗಲಾಟೆ ಎಬ್ಬಿಸಿದ್ದರಿಂದ ಶಾಲೆಯನ್ನು ಕೆಲಕಾಲ ಮುಚ್ಚಬೇಕಾಯಿತು. ಪ್ರೀ ದ ರೋಮ್ ಸ್ಪರ್ಧೆ 1903ರಲ್ಲಿ ಹೆಂಗಸರಿಗೆ ತೆರೆಯಿತು. 1911ರಲ್ಲಿ ಶಿಲ್ಪಿ ಲೂಸಿಯೆನ್ ಹೂವೆಲ್ಮಾನ್ಸ್ ಅದರ ಪ್ರಥಮ ಬಹುಮಾನ ಗೆದ್ದಳು. ಲಂಡನ್ನಿನ ರಾಯಲ್ ಅಕಾಡೆಮಿ ಮಾತ್ರ ಇನ್ನೂ ನಿಧಾನಿಸಿತು. ನಾಟಿಂಗ್‌ಹ್ಯಾಮ್ ಶಾಲೆಯಲ್ಲಿ ಹುಡುಗಿಯೆಂಬ ಕಾರಣಕ್ಕೆ ಪ್ಲಾಸ್ಟರ್ ಅಚ್ಚುಗಳ ಮುಂದೆಯೇ ಉಳಿದಿದ್ದ ಲಾರಾ ನೈಟ್, 1913ರಲ್ಲಿ ತಾನು ನಗ್ನ ರೂಪದರ್ಶಿಯನ್ನು ಬರೆಯುತ್ತಿರುವ ಸ್ವಚಿತ್ರವನ್ನೇ ಬರೆದಳು. ಅಕಾಡೆಮಿ ಅದನ್ನು ಪ್ರದರ್ಶನಕ್ಕೆ ತೆಗೆದುಕೊಳ್ಳಲಿಲ್ಲ. 1936ರಲ್ಲಿ ಅವಳನ್ನೇ ಪೂರ್ಣ ಸದಸ್ಯೆಯಾಗಿ ಆರಿಸಿತು. ಕಾಫ್‌ಮನ್ ಮತ್ತು ಮೋಸರ್ ನಂತರ ಆ ಸ್ಥಾನ ಪಡೆದ ಮೊದಲ ಹೆಂಗಸು ಅವಳೇ.

ಭಾರತಕ್ಕೆ ಈ ಕಥೆಯ ಎಳೆ ಬಂದು ಸೇರುವುದು ಅಮೃತಾ ಶೇರ್‌ಗಿಲ್ ಮೂಲಕ. 1929ರಲ್ಲಿ, 16ನೆಯ ವಯಸ್ಸಿನಲ್ಲಿ ಪ್ಯಾರಿಸಿಗೆ ಹೋದ ಅವರು ಮೊದಲು ಸೇರಿದ್ದು ಗ್ರಾಂಡ್ ಶೋಮಿಯೇರ್ ಎಂಬ ಮುಕ್ತ ಶಾಲೆಗೆ; 1904ರಲ್ಲಿ ಅದನ್ನು ಆರಂಭಿಸಿದವರಲ್ಲಿ ಮಾರ್ತಾ ಸ್ಟೆಟ್ಲರ್ ಎಂಬ ಸ್ವಿಸ್ ಕಲಾವಿದೆಯೂ ಇದ್ದಳು. ಆಮೇಲೆ ಎಕೋಲ್ ದೆ ಬೋಜಾರ್‌ನಲ್ಲಿ ಲೂಸಿಯನ್ ಸಿಮೋನ್ ಕೈಕೆಳಗೆ ಕಲಿತರು. ಯಾವ ಮನವಿಯನ್ನೂ ಬರೆಯದೆ, ಯಾವ ಗುಪ್ತನಾಮವನ್ನೂ ಇಟ್ಟುಕೊಳ್ಳದೆ ಅವರು ನಗ್ನಾಧ್ಯಯನದ ಕೋಣೆಯಲ್ಲಿ ಕೂರುವುದು ಸಾಧ್ಯವಾಯಿತು. 1932ರ ಅವರ 'ಯಂಗ್ ಗರ್ಲ್ಸ್' ಚಿತ್ರಕ್ಕೆ ಮರುವರ್ಷ ಪ್ಯಾರಿಸಿನ ಗ್ರಾಂಡ್ ಸಲೋನ್‌ನಲ್ಲಿ ಚಿನ್ನದ ಪದಕ ಬಂತು. ಅದು ಈಗ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ.